ಲೈಂಗಿಕ ಸಂಪರ್ಕವಾಗಿ ಎಷ್ಟು ದಿನಕ್ಕೆ ಸೋಂಕಿನ ಟೆಸ್ಟ್ ಮಾಡಿಸಿದರೆ ನಂಬಬಹುದು? ವಿಂಡೋ ಪೀರಿಯಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಿನ್ನೆ ರಾತ್ರಿ ಕಾಂಡೋಮ್ ಹರಿಯಿತು. ಇವತ್ತೇ ರಕ್ತ ಕೊಟ್ಟರೆ ಗೊತ್ತಾಗುತ್ತದೆಯೇ?

ನಿನ್ನೆಯ ವಿಚಾರ ಗೊತ್ತಾಗುವುದಿಲ್ಲ. ಇವತ್ತಿನ ರಿಪೋರ್ಟ್ ಹೇಳುವುದು ಹಳೆಯ ಸಂಪರ್ಕಗಳಿಂದ ಸೋಂಕು ಮೊದಲೇ ಇತ್ತೇ ಎಂಬುದನ್ನು ಮಾತ್ರ. ಅದೂ ಬೇಕಾದ ಮಾಹಿತಿಯೇ, ಏಕೆಂದರೆ ಮುಂದೆ ಪಾಸಿಟಿವ್ ಬಂದರೆ ಅದು ಹಳೆಯದೋ ಹೊಸದೋ ಎಂದು ತಿಳಿಯಲು ಈ ಮೊದಲ ರಿಪೋರ್ಟ್ ಬೇಕಾಗುತ್ತದೆ. ಆದರೆ ಅದು ನೆಗೆಟಿವ್ ಬಂತೆಂದು ನಿನ್ನೆಯ ಸಂಪರ್ಕದಿಂದ ಏನೂ ಆಗಿಲ್ಲ ಎಂದು ತಿಳಿದರೆ ತಪ್ಪಾಗುತ್ತದೆ.

ಇವತ್ತು ಟೆಸ್ಟ್‌ಗಿಂತ ತುರ್ತಾದ ಕೆಲಸ ಒಂದಿದೆ. ಎಚ್‌ಐವಿ ತಗಲುವ ಸಾಧ್ಯತೆ ನಿಜವಾಗಿಯೂ ಇದ್ದರೆ ಸಂಪರ್ಕದ ನಂತರ ಸೋಂಕು ನೆಲೆಯೂರದಂತೆ ತಡೆಯುವ ಪೆಪ್ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಗಡುವು ಮೂರು ದಿನ ಇದೆಯಲ್ಲ ಎಂದು ಮೂರನೇ ದಿನದವರೆಗೆ ಕಾಯಬೇಡಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಅದನ್ನೂ ಇದೇ ಭೇಟಿಯಲ್ಲಿ ಕೇಳಿ. ಸಂಪರ್ಕದ ನಂತರ ಹಾಕಿದರೂ ಅದು ಕೆಲಸ ಮಾಡುತ್ತದೆ, ಮೊದಲ 24 ಗಂಟೆಯೊಳಗಾದರೆ ಇನ್ನೂ ಚೆನ್ನಾಗಿ.

ವಿಂಡೋ ಪೀರಿಯಡ್ ಎಂದರೆ ಲಕ್ಷಣ ಕಾಣಿಸಿಕೊಳ್ಳುವ ಅವಧಿಯೇ?

ಅಲ್ಲ. ಇವೆರಡನ್ನು ಬೆರೆಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಸೋಂಕು ತಗಲಿದ ದಿನದಿಂದ ಮೈಯಲ್ಲಿ ಏನಾದರೂ ಕಾಣಿಸಿಕೊಳ್ಳುವವರೆಗಿನ ಕಾಲ ಬೇರೆ. ಸೋಂಕು ತಗಲಿದ ದಿನದಿಂದ ಒಂದು ನಿರ್ದಿಷ್ಟ ಟೆಸ್ಟ್ ಅದನ್ನು ಹಿಡಿಯಬಲ್ಲ ದಿನದವರೆಗಿನ ಕಾಲ ಬೇರೆ. ಎರಡನೆಯದು ವಿಂಡೋ ಪೀರಿಯಡ್. ಈ ಅವಧಿಯಲ್ಲಿ ಸೋಂಕು ಇದ್ದೂ ರಿಪೋರ್ಟ್ ನೆಗೆಟಿವ್ ಬರುತ್ತದೆ, ಆ ವ್ಯಕ್ತಿಯಿಂದ ಇನ್ನೊಬ್ಬರಿಗೆ ಹರಡಲೂಬಹುದು.

ಇಲ್ಲಿ 'ನಿರ್ದಿಷ್ಟ ಟೆಸ್ಟ್' ಎಂಬ ಮಾತು ಮುಖ್ಯ. ಎಚ್‌ಐವಿಗೆ ಇಷ್ಟು ದಿನ, ಸಿಫಿಲಿಸ್‌ಗೆ ಇಷ್ಟು ದಿನ ಎಂದು ರೋಗಕ್ಕೊಂದು ಸಂಖ್ಯೆ ಇಟ್ಟುಕೊಂಡರೆ ಸಾಲದು. ಒಂದೇ ಎಚ್‌ಐವಿಗೆ ಒಂದು ಟೆಸ್ಟ್ 45 ದಿನ ಕೇಳಿದರೆ ಇನ್ನೊಂದು 90 ದಿನ ಕೇಳುತ್ತದೆ.

ಒಂದೇ ಕಾಯಿಲೆಗೆ ಇಷ್ಟು ವ್ಯತ್ಯಾಸ ಯಾಕೆ?

ಪ್ರತಿ ಟೆಸ್ಟ್ ಹುಡುಕುವ ವಸ್ತು ಬೇರೆ, ಆ ವಸ್ತುಗಳು ರಕ್ತಕ್ಕೆ ಬರುವ ದಿನವೂ ಬೇರೆ. ಎಚ್‌ಐವಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಸೋಂಕು ತಗಲಿದ ಮೊದಲ ಸುಮಾರು 10 ದಿನ ವೈರಸ್ ಪ್ರವೇಶದ ಜಾಗದ ಅಂಗಾಂಶದಲ್ಲಿ ಮತ್ತು ಹತ್ತಿರದ ದುಗ್ಧ ಗ್ರಂಥಿಗಳಲ್ಲಿ ಬೆಳೆಯುತ್ತಿರುತ್ತದೆ. ರಕ್ತದಲ್ಲಿ ಹಿಡಿಯುವಷ್ಟು ಇರುವುದಿಲ್ಲ. ಈ ಹಂತದಲ್ಲಿ ಎಷ್ಟೇ ದುಬಾರಿ ಟೆಸ್ಟ್ ಮಾಡಿಸಿದರೂ ಉಪಯೋಗವಿಲ್ಲ.

ಆಮೇಲೆ ವೈರಸ್ ರಕ್ತಕ್ಕೆ ನುಗ್ಗುತ್ತದೆ. ಮೊದಲು ಸಿಗುವುದು ಅದರ ತಳಿವಸ್ತುವಾದ ಆರ್‌ಎನ್‌ಎ. ಇದನ್ನು ಹುಡುಕುವ ನ್ಯಾಟ್ ಟೆಸ್ಟ್ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಕೆಲವೇ ಹತ್ತು ಪ್ರತಿಗಳಿದ್ದರೂ ಹಿಡಿಯುತ್ತದೆ. ನಂತರ ಸಿಗುವುದು ಪಿ24 ಎಂಬ ಆಂಟಿಜನ್, ಅಂದರೆ ವೈರಸ್‌ನ ಒಳಕವಚದ ಪ್ರೋಟೀನ್. ಇದನ್ನು ಹಿಡಿಯಬೇಕಾದರೆ ವೈರಸ್ ಮಿಲಿಲೀಟರ್‌ಗೆ ಹತ್ತು ಸಾವಿರ ಪ್ರತಿಗಳ ಆಸುಪಾಸಿಗೆ ಬೆಳೆದಿರಬೇಕು. ಈ ಹಂತದಲ್ಲಿ ವೈರಸ್ ಸುಮಾರು 20 ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. 50 ಪ್ರತಿಗಳು ಹತ್ತು ಸಾವಿರ ಆಗಲು ಏಳೆಂಟು ಸಲ ಇಮ್ಮಡಿಯಾಗಬೇಕು, ಅದಕ್ಕೆ ಆರು ದಿನ ಬೇಕು. ನ್ಯಾಟ್‌ಗೂ ಆಂಟಿಜನ್ ಟೆಸ್ಟ್‌ಗೂ ನಡುವೆ ಸುಮಾರು ಒಂದು ವಾರದ ಅಂತರ ಇರುವುದು ಈ ಲೆಕ್ಕದಿಂದ.

ಕೊನೆಗೆ ಬರುವುದು ಪ್ರತಿಕಾಯ, ಅಂದರೆ ಆಂಟಿಬಾಡಿ. ಇದು ವೈರಸ್‌ನ ಭಾಗವಲ್ಲ, ದೇಹವೇ ತಯಾರಿಸಿಕೊಳ್ಳುವಂಥದ್ದು. ಅದನ್ನು ಎಷ್ಟು ಬೇಗ ತಯಾರಿಸುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಪ್ರತಿಕಾಯ ಬಂದ ಮೇಲೆ ಅದು ಪಿ24ಗೆ ಅಂಟಿಕೊಂಡು ಅದನ್ನು ಮರೆಮಾಡುತ್ತದೆ. ಆದ್ದರಿಂದ ಪಿ24 ಒಂದನ್ನೇ ಹುಡುಕುವ ಟೆಸ್ಟ್ ತಿಂಗಳುಗಳ ನಂತರ ಸೋಂಕಿದ್ದವರಲ್ಲೂ ನೆಗೆಟಿವ್ ತೋರಿಸಬಹುದು. ಆಂಟಿಜನ್, ಆಂಟಿಬಾಡಿ ಎರಡನ್ನೂ ಒಟ್ಟಿಗೆ ಹುಡುಕುವ ನಾಲ್ಕನೇ ತಲೆಮಾರಿನ ಟೆಸ್ಟ್ ಈ ಸಮಸ್ಯೆಯನ್ನು ತಪ್ಪಿಸುತ್ತದೆ: ಒಂದು ಮರೆಯಾಗುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ.

ಹಾಗಾದರೆ ಎಚ್‌ಐವಿಯ ಯಾವ ಟೆಸ್ಟ್‌ಗೆ ಎಷ್ಟು ದಿನ?

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಅವಧಿಗಳು ಹೀಗಿವೆ.

| ಟೆಸ್ಟ್ | ಸೋಂಕನ್ನು ಹಿಡಿಯತೊಡಗುವ ಅವಧಿ |
|---|---|
| ನ್ಯಾಟ್ | 10ರಿಂದ 33 ದಿನ |
| ರಕ್ತನಾಳದ ರಕ್ತದಲ್ಲಿ ಲ್ಯಾಬಿನ ಆಂಟಿಜನ್-ಆಂಟಿಬಾಡಿ ಟೆಸ್ಟ್ | 18ರಿಂದ 45 ದಿನ |
| ಬೆರಳು ಚುಚ್ಚಿ ಮಾಡುವ ಆಂಟಿಜನ್-ಆಂಟಿಬಾಡಿ ರಾಪಿಡ್ ಟೆಸ್ಟ್ | 18ರಿಂದ 90 ದಿನ |
| ಆಂಟಿಬಾಡಿ ಮಾತ್ರ ಹುಡುಕುವ ಟೆಸ್ಟ್, ಹೆಚ್ಚಿನ ರಾಪಿಡ್ ಮತ್ತು ಮನೆ ಟೆಸ್ಟ್‌ಗಳು | 23ರಿಂದ 90 ದಿನ |

ಈ ಸಾಲುಗಳಲ್ಲಿ ಜನ ಮೊದಲ ಸಂಖ್ಯೆಯನ್ನು ನೋಡಿ ಲ್ಯಾಬಿಗೆ ಓಡುತ್ತಾರೆ. ನಿಮ್ಮ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕಾದದ್ದು ಎರಡನೇ ಸಂಖ್ಯೆ. ಮೊದಲನೆಯದು 'ಕೆಲವರಲ್ಲಿ ಈ ಹೊತ್ತಿಗೇ ಸಿಗಬಹುದು' ಎಂದು ಹೇಳುತ್ತದೆ. ಎರಡನೆಯದು 'ಈ ಹೊತ್ತಿಗೂ ಸಿಗದಿದ್ದರೆ ಇಲ್ಲವೆಂದೇ ತಿಳಿಯಬಹುದು' ಎಂದು ಹೇಳುತ್ತದೆ.

ನಾಲ್ಕು ವಾರಕ್ಕೆ ಮಾಡಿಸಿದೆ, ನೆಗೆಟಿವ್ ಬಂತು. ಎಷ್ಟು ನಂಬಬಹುದು?

ಲ್ಯಾಬಿನ ನಾಲ್ಕನೇ ತಲೆಮಾರಿನ ಟೆಸ್ಟ್ ಆಗಿದ್ದರೆ ಬಹುಮಟ್ಟಿಗೆ ನಂಬಬಹುದು, ಪೂರ್ತಿ ಅಲ್ಲ. ಸೋಂಕು ತಗಲಿದವರಲ್ಲಿ ಅರ್ಧದಷ್ಟು ಜನರನ್ನು ಈ ಟೆಸ್ಟ್ ಸುಮಾರು 18ನೇ ದಿನಕ್ಕೆ ಹಿಡಿಯುತ್ತದೆ. 24ನೇ ದಿನದ ಹೊತ್ತಿಗೆ ನಾಲ್ವರಲ್ಲಿ ಮೂವರು ಸಿಕ್ಕಿರುತ್ತಾರೆ. ನೂರಕ್ಕೆ 99 ಜನ ಸಿಗುವುದು 44-45ನೇ ದಿನಕ್ಕೆ. 28ನೇ ದಿನ ಇವುಗಳ ನಡುವೆ ಬರುತ್ತದೆ. ಉಳಿದಿರುವ ಸಣ್ಣ ಪಾಲಿನಲ್ಲಿ ನೀವಿಲ್ಲ ಎಂದು ಖಚಿತಪಡಿಸಿಕೊಳ್ಳಲು 45ನೇ ದಿನ ಇನ್ನೊಮ್ಮೆ ರಕ್ತ ಕೊಡಬೇಕು.

ಅದೇ ನಾಲ್ಕನೇ ವಾರದಲ್ಲಿ ಬೆರಳು ಚುಚ್ಚುವ ಆಂಟಿಬಾಡಿ ರಾಪಿಡ್ ಟೆಸ್ಟ್ ಮಾಡಿಸಿದ್ದರೆ ಆ ನೆಗೆಟಿವ್‌ಗೆ ಹೆಚ್ಚು ಬೆಲೆ ಕೊಡಬೇಡಿ. ಆ ಬಗೆಯ ಟೆಸ್ಟ್‌ಗೆ ಅರ್ಧ ಜನರನ್ನು ಹಿಡಿಯಲೇ ಒಂದು ತಿಂಗಳು ಬೇಕು. ಬಾಯಿಯ ದ್ರವದಲ್ಲಿ ಮಾಡುವ ಟೆಸ್ಟ್ ಇನ್ನೂ ತಡ, ಏಕೆಂದರೆ ಅಲ್ಲಿ ಪ್ರತಿಕಾಯದ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಕಡಿಮೆ.

ನನಗೆ ಮಾಡಿದ್ದು ಯಾವ ಟೆಸ್ಟ್ ಎಂದು ಹೇಗೆ ತಿಳಿಯುವುದು?

ರಿಪೋರ್ಟ್‌ನಲ್ಲಿ ಟೆಸ್ಟ್‌ನ ಹೆಸರಿನ ಸಾಲು ಓದಿ. 'ಪಿ24' ಅಥವಾ 'ಆಂಟಿಜನ್' ಎಂಬ ಪದ ಇದ್ದರೆ ಅದು ನಾಲ್ಕನೇ ತಲೆಮಾರಿನದು. 'ಎಚ್‌ಐವಿ 1 ಮತ್ತು 2 ಆಂಟಿಬಾಡಿ' ಎಂದಷ್ಟೇ ಇದ್ದರೆ ಅದು ಆಂಟಿಬಾಡಿ ಟೆಸ್ಟ್, 90 ದಿನದ ಲೆಕ್ಕ ಅದಕ್ಕೆ. 'ಎಲೈಸಾ' ಎಂಬ ಪದ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಅದು ಟೆಸ್ಟ್ ಮಾಡುವ ವಿಧಾನದ ಹೆಸರೇ ಹೊರತು ಏನನ್ನು ಹುಡುಕಿದರು ಎಂಬುದನ್ನು ಹೇಳುವುದಿಲ್ಲ. ಮೂರನೇ ತಲೆಮಾರಿನ ಎಲೈಸಾ ಇದೆ, ನಾಲ್ಕನೆಯದೂ ಇದೆ. ರಿಪೋರ್ಟ್‌ನಿಂದ ಸ್ಪಷ್ಟವಾಗದಿದ್ದರೆ ಲ್ಯಾಬಿಗೆ ಫೋನ್ ಮಾಡಿ 'ಇದರಲ್ಲಿ ಪಿ24 ಆಂಟಿಜನ್ ಸೇರಿದೆಯೇ' ಎಂದು ಕೇಳಿದರೆ ಸಾಕು.

ಇನ್ನೊಂದು ಮಾತು. ಎಷ್ಟೋ ರಿಪೋರ್ಟ್‌ಗಳಲ್ಲಿ 'ನಾನ್-ರಿಯಾಕ್ಟಿವ್' ಎಂಬುದರ ಪಕ್ಕ 0.14, 0.38 ಹೀಗೆ ಒಂದು ಸಂಖ್ಯೆ ಇರುತ್ತದೆ. ಕಟ್‌ಆಫ್ 1.00 ಆಗಿದ್ದರೆ ಅದಕ್ಕಿಂತ ಕೆಳಗಿನ ಎಲ್ಲವೂ ನೆಗೆಟಿವ್. ಕಳೆದ ಸಲ 0.14 ಇದ್ದದ್ದು ಈ ಸಲ 0.38 ಆಯಿತು, ಸೋಂಕು ನಿಧಾನವಾಗಿ ಏರುತ್ತಿದೆಯೇ ಎಂದು ಕೇಳುವವರು ಬಹಳ. ಇಲ್ಲ. ಅದು ಯಂತ್ರ ಅಳೆದ ಸಂಕೇತದಲ್ಲಿನ ಮಾಮೂಲಿ ಏರಿಳಿತ. ಬೇರೆ ಬೇರೆ ಲ್ಯಾಬುಗಳ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದಂತೂ ಅರ್ಥವಿಲ್ಲದ ಕೆಲಸ.

ಮನೆಯಲ್ಲಿ ಮಾಡುವ ಕಿಟ್ ಬಳಸಿದರೆ ಎಲ್ಲಿ ತಪ್ಪಾಗುತ್ತದೆ?

ಹೆಚ್ಚಿನವು ಆಂಟಿಬಾಡಿ ಕಿಟ್‌ಗಳು. 90 ದಿನ ಕಾಯದೆ ಮಾಡುವುದು ಮೊದಲ ತಪ್ಪು. ಎರಡನೆಯದು, ಬೆರಳನ್ನು ಜೋರಾಗಿ ಹಿಂಡಿ ಸಾಲದಷ್ಟು ರಕ್ತ ಹಾಕುವುದು. ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ, ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ಹನಿ ತಾನಾಗಿ ಬರುತ್ತದೆ. ಕಂಟ್ರೋಲ್ ಗೆರೆ ಮೂಡದಿದ್ದರೆ ಆ ಕಿಟ್ ವ್ಯರ್ಥ. ಅದನ್ನು ನೆಗೆಟಿವ್ ಎಂದು ಓದಬಾರದು. ಕಿಟ್‌ನ ಹಾಳೆಯಲ್ಲಿ ಹೇಳಿದ ನಿಮಿಷಗಳು ಮುಗಿದ ಮೇಲೆ, ಆದರೆ ಅದು ಕೊಟ್ಟಿರುವ ಕೊನೆಯ ಗಡುವಿನೊಳಗೆ ಫಲಿತಾಂಶ ನೋಡಿ. ಕಸದ ಬುಟ್ಟಿಯಿಂದ ಮರುದಿನ ತೆಗೆದು ನೋಡಿದಾಗ ಕಾಣುವ ಮಸುಕು ಗೆರೆಗೆ ಅರ್ಥವಿಲ್ಲ. ಆದರೆ ಸರಿಯಾದ ಸಮಯದಲ್ಲಿ ಮಸುಕಾಗಿಯಾದರೂ ಗೆರೆ ಕಂಡರೆ ಅದನ್ನು ರಿಯಾಕ್ಟಿವ್ ಎಂದೇ ತಿಳಿದು ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ಪೆಪ್ ಮಾತ್ರೆ ತಗೊಂಡಿದ್ದೇನೆ. ನನ್ನ 45 ದಿನ ಎಲ್ಲಿಂದ ಎಣಿಸಬೇಕು?

ಸಂಪರ್ಕದ ದಿನದಿಂದ ಅಲ್ಲ, ಕೊನೆಯ ಮಾತ್ರೆಯ ದಿನದಿಂದ. ಪೆಪ್ ಔಷಧಿಗಳು ವೈರಸ್ ಬೆಳೆಯದಂತೆ ತಡೆಯುತ್ತವೆ. ಒಂದು ವೇಳೆ ಪೆಪ್ ವಿಫಲವಾಗಿ ಸೋಂಕು ಉಳಿದಿದ್ದರೂ ಮಾತ್ರೆ ನುಂಗುತ್ತಿರುವಷ್ಟು ದಿನ ಆರ್‌ಎನ್‌ಎ, ಪಿ24, ಪ್ರತಿಕಾಯ ಎಲ್ಲವೂ ಅಡಗಿರಬಹುದು. ಮಾತ್ರೆ ನಿಂತ ಮೇಲೆ ಗಡಿಯಾರ ಹೊಸದಾಗಿ ಶುರುವಾಯಿತು ಎಂದೇ ಲೆಕ್ಕ ಹಾಕಬೇಕು.

ಒಂದು ಉದಾಹರಣೆ ಇಟ್ಟುಕೊಂಡು ದಿನ ಎಣಿಸೋಣ. ಸಂಪರ್ಕ ಜೂನ್ 1ರ ರಾತ್ರಿ. ಅದು 0ನೇ ದಿನ. ಜೂನ್ 2ರ ಸಂಜೆ ವೈದ್ಯರನ್ನು ಕಂಡು ಮುಂದಿನ ಹೋಲಿಕೆಗೆ ಬೇಕಾದ ಮೊದಲ ಟೆಸ್ಟ್‌ಗೆಂದು ರಕ್ತ ಕೊಟ್ಟು ಪೆಪ್ ಶುರು ಮಾಡಿದರು. ಕೋರ್ಸ್ 28 ದಿನ, ಕೊನೆಯ ಮಾತ್ರೆ ಜೂನ್ 29ಕ್ಕೆ.

ಜೂನ್ 15, ಅಂದರೆ 14ನೇ ದಿನ, ಗೊನೊರಿಯಾ ಮತ್ತು ಕ್ಲಮೈಡಿಯಾ ಟೆಸ್ಟ್ ಮಾಡಿಸಬಹುದು. ಪೆಪ್ ಮಾತ್ರೆಗಳು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವುದಿಲ್ಲವಾದ್ದರಿಂದ ಈ ದಿನಾಂಕ ಮುಂದೆ ಹೋಗುವುದಿಲ್ಲ.

ಜುಲೈ 16 ಸಂಪರ್ಕದಿಂದ 45ನೇ ದಿನ. ಪೆಪ್ ತೆಗೆದುಕೊಳ್ಳದೇ ಇದ್ದಿದ್ದರೆ ಲ್ಯಾಬಿನ ನಾಲ್ಕನೇ ತಲೆಮಾರಿನ ಟೆಸ್ಟ್ ಅಂದೇ ಕೊನೆಯದಾಗುತ್ತಿತ್ತು. ಇವರಿಗೆ ಅಂದು ಮಾತ್ರೆ ನಿಂತು 17 ದಿನವಷ್ಟೇ. ಅಂದಿನ ನೆಗೆಟಿವ್ ಒಳ್ಳೆಯ ಸೂಚನೆ, ತೀರ್ಪಲ್ಲ.

ಆಗಸ್ಟ್ 13 ಕೊನೆಯ ಮಾತ್ರೆಯಿಂದ 45ನೇ ದಿನ, ಸಂಪರ್ಕದಿಂದ 73ನೇ ದಿನ. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಎಚ್‌ಐವಿಯ ಕೊನೆಯ ಟೆಸ್ಟ್ ಅಂದು. ಅಮೆರಿಕದ ಮಾರ್ಗಸೂಚಿ ಸಂಪರ್ಕದಿಂದ 12 ವಾರ ಎನ್ನುತ್ತದೆ, ಅದು ಆಗಸ್ಟ್ 24. ಸಿಫಿಲಿಸ್‌ಗೂ 12 ವಾರದ ಟೆಸ್ಟ್ ಬೇಕಾಗುವುದರಿಂದ ಎರಡನ್ನೂ ಆಗಸ್ಟ್ 24 ಅಥವಾ ಅದರ ನಂತರ ಒಂದೇ ಸಲ ಮಾಡಿಸಿಬಿಡುವುದು ನಮ್ಮ ಸಲಹೆ. ಒಂದೇ ಸೂಜಿಯಲ್ಲಿ ಮುಗಿಯುತ್ತದೆ.

ನಡುವೆ ಜುಲೈ 20ಕ್ಕೆ ಇನ್ನೊಮ್ಮೆ ಅಸುರಕ್ಷಿತ ಸಂಪರ್ಕವಾದರೆ? ಎಣಿಕೆ ಅಲ್ಲಿಂದ ಮತ್ತೆ ಶುರು. ಯಾವಾಗಲೂ ಕೊನೆಯ ಸಂಪರ್ಕವೇ 0ನೇ ದಿನ.

ಎಚ್‌ಐವಿ ತಗಲದಂತೆ ಸಂಪರ್ಕಕ್ಕೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಔಷಧಿಯಲ್ಲಿರುವವರಿಗೆ, ಅದರಲ್ಲೂ ದೀರ್ಘಕಾಲ ಕೆಲಸ ಮಾಡುವ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದು ಪಡೆದವರಿಗೆ ಈ ಟೇಬಲ್ ನೇರವಾಗಿ ಅನ್ವಯಿಸುವುದಿಲ್ಲ. ಅವರಲ್ಲಿ ಪ್ರತಿಕಾಯ ಬಹಳ ತಡವಾಗಿ ಬರಬಹುದು. ಟೆಸ್ಟ್‌ನ ವೇಳಾಪಟ್ಟಿಯನ್ನು ಔಷಧಿ ಕೊಟ್ಟವರೇ ಹಾಕಬೇಕು.

ಮೂರನೇ ವಾರದಲ್ಲಿ ಜ್ವರ, ಗಂಟಲು ನೋವು ಬಂದಿದೆ. ಆದರೂ 45 ದಿನ ಕಾಯಬೇಕೇ?

ಕಾಯಬೇಡಿ. ಎಚ್‌ಐವಿಯ ಆರಂಭದ ಜ್ವರ ಸಾಮಾನ್ಯವಾಗಿ ಸಂಪರ್ಕವಾದ 2ರಿಂದ 4 ವಾರಗಳಲ್ಲಿ ಬರುತ್ತದೆ: ಜ್ವರ, ಗಂಟಲು ನೋವು, ಕುತ್ತಿಗೆಯಲ್ಲಿ ಗಂಟು, ಮೈಮೇಲೆ ಕೆಂಪು ದದ್ದು. ಆ ಲಕ್ಷಣಗಳಿಗೆ ಎಚ್‌ಐವಿಯೇ ಕಾರಣವಾಗಿದ್ದರೆ ಅಷ್ಟು ಹೊತ್ತಿಗೆ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ನ್ಯಾಟ್ ಅದನ್ನು ಹಿಡಿಯುತ್ತದೆ, ನಾಲ್ಕನೇ ತಲೆಮಾರಿನ ಟೆಸ್ಟ್ ಕೂಡ ಬಹುತೇಕ ಹಿಡಿಯುತ್ತದೆ. ಜ್ವರ ಇರುವಾಗಲೇ ಎರಡನ್ನೂ ಮಾಡಿಸಿದರೆ ಆ ಜ್ವರದ ಬಗ್ಗೆ ಉತ್ತರ ಸಿಗುತ್ತದೆ. ವೈದ್ಯರಿಗೆ ಸಂಪರ್ಕದ ದಿನಾಂಕವನ್ನು ಸ್ಪಷ್ಟವಾಗಿ ಹೇಳಿ. ಬರೀ ಜ್ವರ ಎಂದರೆ ಮಾಮೂಲಿ ಜ್ವರದ ಟೆಸ್ಟ್‌ಗಳನ್ನಷ್ಟೇ ಬರೆದುಕೊಡುತ್ತಾರೆ.

ತಿರುಗಿಸಿ ಓದುವುದು ಮಾತ್ರ ತಪ್ಪು. ಲಕ್ಷಣ ಬರಲಿಲ್ಲ ಎಂದ ಮಾತ್ರಕ್ಕೆ ಸೋಂಕಿಲ್ಲ ಎಂದಲ್ಲ; ಎಷ್ಟೋ ಜನರಿಗೆ ಏನೂ ಕಾಣಿಸಿಕೊಳ್ಳುವುದಿಲ್ಲ.

ಹಾಗಿದ್ದರೆ ಎಲ್ಲರೂ ನ್ಯಾಟ್ ಮಾಡಿಸಿ ಬೇಗ ಮುಗಿಸಬಹುದಲ್ಲ?

ಲಕ್ಷಣ ಇದ್ದಾಗ ಅಥವಾ ಸೋಂಕಿನ ಅಪಾಯ ತೀರಾ ಹೆಚ್ಚಿದ್ದಾಗ ಅದಕ್ಕೆ ಅರ್ಥವಿದೆ. ಸುಮ್ಮನೆ ಬೇಗ ತಿಳಿಯಲಿ ಎಂದು ಮಾಡಿಸಿದರೆ ಗಳಿಸುವುದು ಒಂದೆರಡು ವಾರ ಮಾತ್ರ. 33 ದಿನದ ನ್ಯಾಟ್ ನೆಗೆಟಿವ್ ಬಂದರೂ ಪ್ರತಿಕಾಯದ ಟೆಸ್ಟ್‌ನಿಂದ ಮುಗಿಸುವುದೇ ವಾಡಿಕೆ, ಹಾಗಾಗಿ 45ನೇ ದಿನದ ಭೇಟಿ ತಪ್ಪುವುದಿಲ್ಲ.

ಸಂಗಾತಿಯ ರಿಪೋರ್ಟ್ ನೆಗೆಟಿವ್ ಇದೆ. ನಾನು ಮಾಡಿಸಬೇಕೇ?

ಅವರ ರಿಪೋರ್ಟ್‌ಗೂ ಅವರದೇ ವಿಂಡೋ ಪೀರಿಯಡ್ ಇದೆ. ಅವರು ಯಾವ ಟೆಸ್ಟ್ ಮಾಡಿಸಿದರು, ಅವರ ಹಿಂದಿನ ಸಂಪರ್ಕವಾಗಿ ಎಷ್ಟು ದಿನಕ್ಕೆ ಮಾಡಿಸಿದರು ಎಂಬುದು ಗೊತ್ತಿಲ್ಲದಿದ್ದರೆ ಆ ಕಾಗದದಿಂದ ನಿಮ್ಮ ಬಗ್ಗೆ ಏನನ್ನೂ ಹೇಳಲಾಗದು. ಹೊಸದಾಗಿ ಸೋಂಕು ತಗಲಿದವರ ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುತ್ತದೆ, ಆಂಟಿಬಾಡಿ ಟೆಸ್ಟ್ ಮಾತ್ರ ಇನ್ನೂ ನೆಗೆಟಿವ್ ಇರುತ್ತದೆ.

ಸಿಫಿಲಿಸ್‌ಗೆ ಯಾಕೆ ಮೂರು ತಿಂಗಳು?

ಈ ಬ್ಯಾಕ್ಟೀರಿಯಾ ನಿಧಾನ. ಸಂಪರ್ಕದಿಂದ ಹುಣ್ಣು ಕಾಣಿಸಿಕೊಳ್ಳಲು ಸರಾಸರಿ 21 ದಿನ, ಆದರೆ 10ರಿಂದ 90 ದಿನದವರೆಗೆ ಯಾವಾಗ ಬೇಕಾದರೂ ಆಗಬಹುದು. ರಕ್ತದ ಟೆಸ್ಟ್ ಹುಡುಕುವುದು ಪ್ರತಿಕಾಯವನ್ನು. ಅದು ಬರುವುದು ಸಾಮಾನ್ಯವಾಗಿ ಹುಣ್ಣು ಎದ್ದ ಮೇಲೆ, ಒಂದರಿಂದ ನಾಲ್ಕು ವಾರಗಳಲ್ಲಿ. ಹೀಗಾಗಿ ಆರನೇ ವಾರದ ನೆಗೆಟಿವ್ ಅನ್ನು ಕೊನೆಯದೆಂದು ಇಟ್ಟುಕೊಳ್ಳಲಾಗದು, 12 ವಾರಕ್ಕೆ ಇನ್ನೊಮ್ಮೆ ಮಾಡಿಸಬೇಕು.

ಇಲ್ಲಿ ಹೆಚ್ಚು ಜನ ಎಡವುವುದು ಹುಣ್ಣಿನ ವಿಚಾರದಲ್ಲಿ. ಸಿಫಿಲಿಸ್‌ನ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಹುಣ್ಣು ಎದ್ದ ಮೂರನೇ ದಿನ ವಿಡಿಆರ್‌ಎಲ್ ಎಂಬ ರಕ್ತದ ಟೆಸ್ಟ್ ಮಾಡಿಸಿ ನೆಗೆಟಿವ್ ಬಂತೆಂದು ಮರೆತವರಿಗೆ ಹುಣ್ಣು ಮಾಯುವುದೇ ಗುಣವಾದ ಸಾಕ್ಷಿಯಂತೆ ಕಾಣುತ್ತದೆ. ಹುಣ್ಣು ಇರುವಾಗ ರಕ್ತದ ಜೊತೆ ಹುಣ್ಣಿನಿಂದಲೇ ಸ್ವಾಬ್ ತೆಗೆದು ಪಿಸಿಆರ್ ಮಾಡಿಸಬೇಕು, ಅಥವಾ ಸೌಲಭ್ಯವಿದ್ದಲ್ಲಿ ಡಾರ್ಕ್‌ಫೀಲ್ಡ್ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಇವು ಪ್ರತಿಕಾಯಕ್ಕಾಗಿ ಕಾಯುವುದಿಲ್ಲ.

ಸಂಗಾತಿಗೆ ಸಿಫಿಲಿಸ್ ಖಚಿತವಾಗಿದ್ದು ನಿಮ್ಮ ಸಂಪರ್ಕವಾಗಿ 90 ದಿನ ಆಗಿಲ್ಲದಿದ್ದರೆ ವೈದ್ಯರು ನಿಮ್ಮ ರಿಪೋರ್ಟ್ ನೆಗೆಟಿವ್ ಇದ್ದರೂ ಚಿಕಿತ್ಸೆ ಕೊಡುತ್ತಾರೆ. ಅದು ಅತಿಯಾದ ಎಚ್ಚರಿಕೆಯಲ್ಲ, ಈ ವಿಂಡೋ ಪೀರಿಯಡ್‌ನ ಕಾರಣಕ್ಕೇ ಮಾಡಿದ ನಿಯಮ.

ಹಿಂದೆ ಒಮ್ಮೆ ಸಿಫಿಲಿಸ್ ಬಂದು ಗುಣವಾದವರಲ್ಲಿ ಟಿಪಿಎಚ್‌ಎ ಎಂಬ ಪ್ರತಿಕಾಯದ ಟೆಸ್ಟ್ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಉಳಿಯುತ್ತದೆ. ಹೊಸ ಸೋಂಕನ್ನು ತಿಳಿಯಲು ಅವರು ವಿಡಿಆರ್‌ಎಲ್ ಅಥವಾ ಅದರಂಥದೇ ಟೆಸ್ಟ್ ಆದ ಆರ್‌ಪಿಆರ್‌ನ ಟೈಟರ್, ಅಂದರೆ ರಕ್ತವನ್ನು ಎಷ್ಟು ಪಟ್ಟು ತೆಳುವಾಗಿಸಿದರೂ ಪಾಸಿಟಿವ್ ಬರುತ್ತದೆ ಎಂಬ ಅಳತೆಯನ್ನು ಹೋಲಿಸಬೇಕು: 1:2 ಇದ್ದದ್ದು 1:8 ಆದರೆ ನಾಲ್ಕು ಪಟ್ಟು ಏರಿಕೆ, ಅದಕ್ಕೆ ಅರ್ಥವಿದೆ. 1:2ರಿಂದ 1:4ಕ್ಕೆ ಹೋದದ್ದು ಟೆಸ್ಟ್‌ನ ಮಾಮೂಲಿ ಏರುಪೇರು ಇರಬಹುದು.

ಗೊನೊರಿಯಾ, ಕ್ಲಮೈಡಿಯಾ ಎರಡು ವಾರಕ್ಕೇ ಗೊತ್ತಾಗುತ್ತವೆಯೇ?

ಹೌದು. ಇವುಗಳಲ್ಲಿ ಬ್ಯಾಕ್ಟೀರಿಯಾದ ಜೀನನ್ನೇ ನೇರವಾಗಿ ಹುಡುಕುತ್ತಾರೆ, ಪ್ರತಿಕಾಯದ ಗೊಡವೆಯಿಲ್ಲ. 14 ದಿನವಾದ ಮೇಲೆ ಮಾಡಿದ ಟೆಸ್ಟ್ ನಂಬಿಕೆಗೆ ಅರ್ಹ. ಉರಿ, ಕೀವು ಇದ್ದರೆ ಕಾಯದೆ ಅಂದೇ ಮಾಡಿಸಿ.

ಇಲ್ಲಿ ನೆಗೆಟಿವ್ ತಪ್ಪಾಗುವುದು ದಿನದ ಲೆಕ್ಕದಿಂದಲ್ಲ, ಮಾದರಿಯಿಂದ. ಪುರುಷರು ಮೂತ್ರ ಕೊಡುವುದಾದರೆ ಕನಿಷ್ಠ ಒಂದು ಗಂಟೆ ಮೂತ್ರ ಮಾಡಿರಬಾರದು, ಮೊದಲು ಬರುವ 20ರಿಂದ 30 ಮಿಲಿಲೀಟರ್ ಮಾತ್ರ ಹಿಡಿಯಬೇಕು. ಮೂತ್ರಕೋಶದ ಸೋಂಕಿನ ಟೆಸ್ಟ್‌ಗೆ ಮೊದಲ ಧಾರೆ ಬಿಟ್ಟು ನಡುವಿನದನ್ನು ಕೊಟ್ಟು ರೂಢಿಯಾದವರು ಇಲ್ಲೂ ಹಾಗೆಯೇ ಮಾಡುತ್ತಾರೆ. ಮೂತ್ರನಾಳದಲ್ಲಿದ್ದ ಬ್ಯಾಕ್ಟೀರಿಯಾ ಮೊದಲ ಧಾರೆಯಲ್ಲೇ ಕೊಚ್ಚಿಹೋಗಿರುತ್ತದೆ. ಡಬ್ಬಿ ತುಂಬಿಸಿದರೂ ಮಾದರಿ ನೀರಾಗುತ್ತದೆ. ಮಹಿಳೆಯರಲ್ಲಿ ಮೂತ್ರಕ್ಕಿಂತ ಯೋನಿಯ ಸ್ವಾಬ್ ಉತ್ತಮ, ಅದನ್ನು ತಾವೇ ತೆಗೆದುಕೊಟ್ಟರೂ ಫಲಿತಾಂಶ ಅಷ್ಟೇ ಸರಿಯಾಗಿರುತ್ತದೆ. ಬಾಯಿ ಅಥವಾ ಗುದದ ಮೂಲಕ ಸಂಪರ್ಕವಾಗಿದ್ದರೆ ಗಂಟಲಿನ, ಗುದದ್ವಾರದ ಸ್ವಾಬ್ ಬೇರೆಯಾಗಿ ಬೇಕು. ಗಂಟಲಿನ ಗೊನೊರಿಯಾ ಮೂತ್ರದಲ್ಲಿ ಸಿಗುವುದಿಲ್ಲ, ಗಂಟಲಲ್ಲಿ ನೋವೂ ಇರುವುದು ಅಪರೂಪ. ಕೇಳಲು ಸಂಕೋಚವಾದರೆ 'ಮೂರೂ ಜಾಗದ ಸ್ವಾಬ್ ಬೇಕು' ಎಂದಷ್ಟೇ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಚಿಕಿತ್ಸೆ ಮುಗಿಸಿದ ಮರುವಾರವೇ ಗುಣವಾಯಿತೇ ನೋಡೋಣ ಎಂದು ಕ್ಲಮೈಡಿಯಾ ಟೆಸ್ಟ್ ಮಾಡಿಸಿದರೆ ಸತ್ತ ಬ್ಯಾಕ್ಟೀರಿಯಾದ ಜೀನ್ ಸಿಕ್ಕಿ ಸುಳ್ಳು ಪಾಸಿಟಿವ್ ಬರಬಹುದು. ಕನಿಷ್ಠ ನಾಲ್ಕು ವಾರ ಬಿಡಿ. ಮತ್ತೆ ತಗಲಿಸಿಕೊಂಡಿಲ್ಲವೇ ಎಂದು ನೋಡಲು ಮೂರು ತಿಂಗಳಿಗೆ ಮಾಡಿಸುವುದು ಬೇರೆಯೇ ಟೆಸ್ಟ್, ಅದನ್ನು ಬಿಡಬಾರದು.

ಹೆಪಟೈಟಿಸ್ ಬಿ ಮತ್ತು ಸಿ?

ಹೆಪಟೈಟಿಸ್ ಬಿಯಲ್ಲಿ ಮೊದಲು ಸಿಗುವುದು ವೈರಸ್‌ನ ಮೇಲ್ಮೈ ಪ್ರೋಟೀನ್ ಆದ ಎಚ್‌ಬಿಎಸ್‌ಎಜಿ. ಸರಾಸರಿ ನಾಲ್ಕು ವಾರಕ್ಕೆ ಸಿಗುತ್ತದೆ, ಒಂಬತ್ತು-ಹತ್ತು ವಾರದವರೆಗೂ ಹೋಗಬಹುದು. ಲಸಿಕೆ ಹಾಕಿಸಿಕೊಂಡ ಎರಡೂವರೆ ವಾರದೊಳಗೆ ಈ ಟೆಸ್ಟ್ ಮಾಡಿಸಬೇಡಿ. ಲಸಿಕೆಯಲ್ಲಿರುವುದೂ ಅದೇ ಪ್ರೋಟೀನ್, ಸೋಂಕಿಲ್ಲದೆಯೂ ಕೆಲವು ದಿನ ಪಾಸಿಟಿವ್ ತೋರಿಸಬಹುದು. ಇನ್ನೊಂದು ತೊಡಕು: ಗುಣವಾಗುತ್ತಿರುವವರಲ್ಲಿ ಎಚ್‌ಬಿಎಸ್‌ಎಜಿ ಮಾಯವಾಗಿ ರಕ್ಷಕ ಪ್ರತಿಕಾಯ ಇನ್ನೂ ಬಂದಿರದ ಕೆಲವು ವಾರಗಳು ಇರುತ್ತವೆ. ಆಗ ಸಿಗುವುದು ವೈರಸ್‌ನ ಒಳಭಾಗದ ವಿರುದ್ಧ ಮೊದಲು ಹುಟ್ಟುವ ಪ್ರತಿಕಾಯವಾದ ಕೋರ್ ಆಂಟಿಬಾಡಿ ಐಜಿಎಂ ಒಂದೇ.

ಹೆಪಟೈಟಿಸ್ ಸಿ ಹರಡುವುದು ಮುಖ್ಯವಾಗಿ ರಕ್ತದಿಂದ. ಆರ್‌ಎನ್‌ಎ ಟೆಸ್ಟ್ ಒಂದೆರಡು ವಾರಕ್ಕೇ ಹಿಡಿಯಬಲ್ಲದು. ಪ್ರತಿಕಾಯಕ್ಕೆ ಸರಾಸರಿ 8ರಿಂದ 11 ವಾರ, ಕೆಲವರಲ್ಲಿ ಆರು ತಿಂಗಳು ಬೇಕು.

ಹರ್ಪಿಸ್‌ಗೆ ಎಷ್ಟು ದಿನ ಕಾಯಬೇಕು?

ಗುಳ್ಳೆ ಎದ್ದರೆ ಕಾಯುವುದೇ ತಪ್ಪು. ಸಂಪರ್ಕವಾದ 2ರಿಂದ 12 ದಿನಗಳಲ್ಲಿ ಗುಳ್ಳೆ ಬರಬಹುದು. ಅದು ಒಣಗಿ ಹಕ್ಕಳೆ ಕಟ್ಟುವ ಮೊದಲು ಸ್ವಾಬ್ ತೆಗೆದು ಪಿಸಿಆರ್ ಮಾಡಿಸಬೇಕು. ಏನೂ ಕಾಣಿಸದವರು ಬಹುಕಾಲ ಉಳಿಯುವ ಪ್ರತಿಕಾಯವನ್ನು ಹುಡುಕುವ ರಕ್ತದ ಐಜಿಜಿ ಟೆಸ್ಟ್ ಮಾಡಿಸುವುದಾದರೆ 12ರಿಂದ 16 ವಾರ ಕಾಯಬೇಕು, ಆಮೇಲೂ ಕಟ್‌ಆಫ್‌ಗಿಂತ ಸ್ವಲ್ಪವೇ ಮೇಲಿನ ಪಾಸಿಟಿವ್‌ಗಳು ಎಷ್ಟೋ ಸಲ ಸುಳ್ಳಾಗಿರುತ್ತವೆ. ಐಜಿಎಂ ಟೆಸ್ಟ್‌ಗೆ ದುಡ್ಡು ಹಾಕಬೇಡಿ, ಹೊಸ ಸೋಂಕಿಗೂ ಹಳೆಯದಕ್ಕೂ ವ್ಯತ್ಯಾಸ ತಿಳಿಸಲು ಅದಕ್ಕೆ ಆಗುವುದಿಲ್ಲ. ಎಚ್‌ಪಿವಿಗೆ ದಿನ ಎಣಿಸುವ ಲೆಕ್ಕವೇ ಇಲ್ಲ.

ಬೇರೆ ಔಷಧಿ, ಮದ್ಯ, ಊಟ ಇವುಗಳಿಂದ ಫಲಿತಾಂಶ ಬದಲಾಗುತ್ತದೆಯೇ?

ಊಟ, ಮದ್ಯ, ಶೀತ, ಮುಟ್ಟು ಯಾವುದೂ ಎಚ್‌ಐವಿ ಟೆಸ್ಟ್‌ನ ವಿಂಡೋವನ್ನು ಹಿಗ್ಗಿಸುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ. ಆ್ಯಂಟಿಬಯೋಟಿಕ್ ಮಾತ್ರ ಗಮನಿಸಬೇಕಾದದ್ದು. ಭಯದಲ್ಲಿ ಮೆಡಿಕಲ್ ಶಾಪ್‌ನಿಂದ ತಂದು ನಾಲ್ಕು ದಿನ ನುಂಗಿದ ಮಾತ್ರೆ ಗೊನೊರಿಯಾ, ಕ್ಲಮೈಡಿಯಾ, ಸಿಫಿಲಿಸ್‌ಗಳನ್ನು ಪೂರ್ತಿ ಗುಣಮಾಡದೆ ಟೆಸ್ಟ್‌ನಿಂದ ಮರೆಮಾಡುವಷ್ಟು ಮಾತ್ರ ಕುಗ್ಗಿಸಬಹುದು. ತೆಗೆದುಕೊಂಡಿದ್ದರೆ ಹೆಸರು, ದಿನಾಂಕ ಸಮೇತ ವೈದ್ಯರಿಗೆ ಹೇಳಿ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆ, ಅಂದರೆ ಕೀಮೋಥೆರಪಿ ಅಥವಾ ಅಂಗ ಕಸಿಯ ನಂತರದ ಔಷಧಿ ನಡೆಯುತ್ತಿದ್ದರೆ ಪ್ರತಿಕಾಯ ತಡವಾಗಬಹುದು. ಅವರಿಗೆ ಆರ್‌ಎನ್‌ಎ ಟೆಸ್ಟ್ ಸೇರಿಸಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ಕಾಯುತ್ತಿರುವಾಗ ಏನು ಮಾಡಬಾರದು?

ರಕ್ತದಾನ ಮಾಡಬಾರದು. ಟೆಸ್ಟ್ ಪುಕ್ಕಟೆಯಾಗಿ ಆಗುತ್ತದೆ ಎಂದು ರಕ್ತನಿಧಿಗೆ ಹೋಗುವವರಿದ್ದಾರೆ; ವಿಂಡೋದಲ್ಲಿರುವ ರಕ್ತ ಪರೀಕ್ಷೆಯನ್ನು ದಾಟಿ ಇನ್ನೊಬ್ಬರ ಮೈ ಸೇರುವುದು ಹೀಗೆಯೇ. ಕೊನೆಯ ಟೆಸ್ಟ್ ಆಗುವವರೆಗೆ ಕಾಂಡೋಮ್ ಬಿಡಬಾರದು, ಸೂಜಿ-ಸಿರಿಂಜು ಹಂಚಿಕೊಳ್ಳಬಾರದು. ಎದೆಹಾಲುಣಿಸುತ್ತಿರುವವರು, ಗರ್ಭಿಣಿಯರು 45 ದಿನ ಕಾಯದೆ ಮೊದಲೇ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಹೊಸ ಸೋಂಕಿನಲ್ಲಿ ಮಗುವಿಗೆ ದಾಟುವ ಅಪಾಯ ಹೆಚ್ಚು.

12 ವಾರಕ್ಕೂ ನೆಗೆಟಿವ್. ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಮಾಡಿಸಬೇಕೇ?

ನಡುವೆ ಹೊಸ ಸಂಪರ್ಕ ಆಗಿಲ್ಲ, ಪೆಪ್ ಅಥವಾ ಪ್ರೆಪ್ ನಡೆಯುತ್ತಿಲ್ಲ, ರೋಗನಿರೋಧಕ ಶಕ್ತಿ ತಗ್ಗಿಸುವ ಚಿಕಿತ್ಸೆ ಇಲ್ಲ ಎಂದಾದರೆ ಎಚ್‌ಐವಿಗೂ ಸಿಫಿಲಿಸ್‌ಗೂ ಬೇಡ. ಆರು ತಿಂಗಳ ನಿಯಮ ಪ್ರತಿಕಾಯವನ್ನು ತಡವಾಗಿ ಹಿಡಿಯುತ್ತಿದ್ದ ಹಳೆಯ ತಲೆಮಾರಿನ ಟೆಸ್ಟ್‌ಗಳ ಕಾಲದ್ದು. ಆರು ತಿಂಗಳಿಗೆ ಇಟ್ಟುಕೊಳ್ಳಬೇಕಾದದ್ದು ಹೆಪಟೈಟಿಸ್ ಸಿ ಪ್ರತಿಕಾಯದ ಟೆಸ್ಟ್ ಮತ್ತು ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ, ಅದೂ ಅಂಥ ಸಂಪರ್ಕವಾಗಿದ್ದರೆ ಮಾತ್ರ.